ಪದ್ಮಾವತಿ ಮೇಡಮ್ಮರ ಕಠಿಣ ಪ್ರಶ್ನೆಗಳು

ಸಿಂಧನೂರಿನ ಆ ಕಾಲೇಜಿನಲ್ಲಿ ಪ್ರಶ್ನೆ ಕೇಳುವ ಕಾರ್ಯವು ಪೂಜೆಯ ಹಾಗೆ ನಡೆಯುತ್ತಿತ್ತು. ಮಂತ್ರ ಮೊದಲೇ ಗೊತ್ತು, ಪ್ರಸಾದ ಮೊದಲೇ ಸಿದ್ಧ, ದೇವರೊಬ್ಬನು ಮಾತ್ರ ಬರುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಪರಿಸರ ವಿಜ್ಞಾನದ ವಿಚಾರ ಸಂಕಿರಣ. ಒಬ್ಬ ವಿದ್ಯಾರ್ಥಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ವಿಷಯ ಮಂಡಿಸಬೇಕು, ಆಮೇಲೆ ಸಭೆಯು ಪ್ರಶ್ನೆ ಕೇಳಬೇಕು. ಸಭೆಗೆ ಪ್ರಶ್ನೆ ಹುಟ್ಟಬೇಕಾದರೆ ಸಭೆ ಮಂಡನೆಯನ್ನು ಕೇಳಿಸಿಕೊಂಡಿರಬೇಕಾಗುತ್ತದೆ. ಅಷ್ಟು ದೊಡ್ಡ ಶಿಕ್ಷೆಯನ್ನು ಯಾರಿಗೂ ಕೊಡಬಾರದೆಂಬ ಕರುಣೆಯಿಂದ ಕಾಲೇಜು ಒಂದು ಪದ್ಧತಿಯನ್ನು ಮಾಡಿಕೊಂಡಿತ್ತು. ಪ್ರಶ್ನೆಗಳನ್ನು ಮುಂಚಿತವಾಗಿ ಬರೆಸಿ, ಚೀಟಿ ಮಾಡಿ, ಮುಂದಿನ ಸಾಲಿನ ಹುಡುಗರಿಗೆ ಹಂಚುವುದು. ಉತ್ತರಗಳನ್ನು ಮಂಡಿಸುವವರಿಗೆ ಬಾಯಿಪಾಠ ಮಾಡಿಸುವುದು. ಕೊನೆಯ ಚೀಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಮುಖ್ಯ ಅತಿಥಿಯ ಹೂಗುಚ್ಛದ ಪಕ್ಕದಲ್ಲಿ ಇಡುವುದು. ಅತಿಥಿಯು ಎದ್ದು, ಆಗಲೇ ತನಗೆ ಹೊಳೆದದ್ದೋ ಎಂಬಂತೆ ಅದನ್ನು ಓದುವನು. ಚಪ್ಪಾಳೆ, ಶಾಲು, ಉಪ್ಪಿಟ್ಟು.

ಈ ಚೀಟಿಗಳನ್ನೆಲ್ಲ ಬರೆಯುತ್ತಿದ್ದವರು ಪದ್ಮಾವತಿ ಮೇಡಂ.

ಲಿಂಗಸುಗೂರಿನಲ್ಲಿ ಹುಟ್ಟಿ, ಮಸ್ಕಿಗೆ ಸೊಸೆಯಾಗಿ ಬಂದು, ದಿನವೂ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿಬರುವ ಅತಿಥಿ ಉಪನ್ಯಾಸಕಿ ಆಕೆ. ಅತಿಥಿ ಎಂಬ ಮಾತನ್ನು ನಂಬಿ ಯಾರೂ ಮೋಸಹೋಗಬಾರದು. ಆ ಕಾಲೇಜಿನಲ್ಲಿ ಮುಖ್ಯ ಅತಿಥಿಗೆ ಶಾಲು ಹೊದಿಸುತ್ತಿದ್ದರು, ಅತಿಥಿ ಉಪನ್ಯಾಸಕಿಗೆ ಆ ಶಾಲನ್ನು ಅಂಗಡಿಯಿಂದ ತರುವ ಕೆಲಸವನ್ನು ಹೇಳುತ್ತಿದ್ದರು. ಪ್ರತಿ ವರ್ಷ ಮಳೆಗಾಲದ ಹೊತ್ತಿಗೆ ಆಕೆಯ ನೇಮಕಾತಿ ಮುಗಿದುಹೋಗುತ್ತಿತ್ತು. ಮತ್ತೆ ಕರೆಯುವರೋ ಇಲ್ಲವೋ ಎಂದು ಆಕೆ ಮುಗಿಲು ನೋಡುವವರ ಹಾಗೆ ಕಾಯುತ್ತಿದ್ದಳು.

ಆಕೆಯ ತಂದೆ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದವರು. ಬುದ್ಧನನ್ನು ಶರಣು ಹೊಕ್ಕ ಮನೆತನ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಮಗಳನ್ನು ಕೂಡಿಸಿಕೊಂಡು ಅವರು ಸಂಜೆಗೊಮ್ಮೆ ಒಂದೇ ಮಾತು ಹೇಳುತ್ತಿದ್ದರು: "ನಾ ಹೇಳಿದ್ನೆಂತ ನಂಬಬ್ಯಾಡವ್ವ. ಹೋಗಿ ನೋಡು, ಕೇಳು, ಆಮ್ಯಾಲೆ ನಂಬು." ಇಂಥ ಮಾತನ್ನು ಮಕ್ಕಳಿಗೆ ಕಲಿಸಿದ ತಂದೆಯು ಪುಣ್ಯವಂತನೇ ಸರಿ; ಆದರೆ ಆ ಮಗುವು ಮುಂದೆ ನೌಕರಿ ಮಾಡಬೇಕಾದೀತೆಂಬುದನ್ನು ಅವರು ಯೋಚಿಸಿರಲಿಲ್ಲ.

ಮೊದಲ ವರ್ಷ ಮೇಡಂ ಒಂದು ನಿಜವಾದ ಪ್ರಶ್ನೆ ಬರೆದಿದ್ದಳು. ಮಂಡಿಸಿದ ಹುಡುಗ ಬೆವತುಹೋದನು, ಅತಿಥಿಗಳು ಗಡಿಯಾರ ನೋಡಿಕೊಂಡರು. ಪ್ರಾಂಶುಪಾಲ ಬಸ್ಸಪ್ಪನವರು ಮರುದಿನ ಆಕೆಯನ್ನು ಕರೆದು, ಬೀಗರ ಊಟಕ್ಕೆ ಬಂದವರ ಎಲೆಯಲ್ಲಿ ಕಲ್ಲು ಬಡಿಸಬಾರದೆಂದು ಮೆತ್ತಗೆ ತಿಳಿಹೇಳಿದರು. ಅಂದಿನಿಂದ ಆಕೆ ಕಲ್ಲಿಲ್ಲದ ಪ್ರಶ್ನೆಗಳನ್ನೇ ಬರೆಯುತ್ತ ಬಂದಳು. ನೀರಿನ ಮಾಲಿನ್ಯ ತಡೆಯಲು ನಾವೇನು ಮಾಡಬಹುದು? ಜಾಗೃತಿ ಮೂಡಿಸಬಹುದು. ಯುವಕರ ಪಾತ್ರವೇನು? ಅವರೂ ಜಾಗೃತಿ ಮೂಡಿಸಬಹುದು. ಆ ಸಭಾಂಗಣದಲ್ಲಿ ಮೂಡಿದ ಜಾಗೃತಿಯು ನೀರಾಗಿ ಹರಿದಿದ್ದರೆ ತುಂಗಭದ್ರೆಯ ಎಡದಂಡೆ ಕಾಲುವೆ ಎಂದೋ ಒಡೆದುಹೋಗುತ್ತಿತ್ತು.

ಈ ವರ್ಷ ಹಾಗಾಗಲಿಲ್ಲ. ಕಾರಣ, ಕೊನೆಯ ವರ್ಷದ ಬಿ.ಎಸ್ಸಿ. ಓದುವ ನಾಗವೇಣಿ ಎಂಬ ಹುಡುಗಿ. ಮತ್ತು ಆಕೆಯ ಊರಿನ ಹಳ್ಳ.

ದಢೇಸುಗೂರಿನ ಕಡೆ ಹೋಗುವಾಗ ಭತ್ತದ ಗದ್ದೆಗಳ ನಡುವೆ ಹರಿಯುವ ಹಳ್ಳ ಅದು. ಕಾಲುವೆಯ ನೀರು ಗದ್ದೆಗೆ ಹೊಕ್ಕು, ಗದ್ದೆಯಿಂದ ಬಸಿದು, ಈ ಹಳ್ಳಕ್ಕೆ ಬೀಳುತ್ತದೆ. ಊರಿಗಿಂತ ಮೇಲೆ, ಹಳ್ಳದ ದಂಡೆಯಲ್ಲಿ ವೀರೇಶ ಧಣಿಯವರ ಅಕ್ಕಿ ಗಿರಣಿ. ಅಲ್ಲಿ ಭತ್ತವನ್ನು ನೀರಿನಲ್ಲಿ ನೆನೆಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಭತ್ತ ನೆನೆದ ನೀರು ಹಳದಿ ಬಣ್ಣಕ್ಕೆ ತಿರುಗಿ, ಹುಳಿತು, ಮೂಗಿಗೆ ಬಟ್ಟೆ ಕಟ್ಟಿಸುವ ವಾಸನೆಯೊಡನೆ ಒಂದು ದಪ್ಪ ಕೊಳವೆಯಿಂದ ಹಳ್ಳಕ್ಕೆ ಇಳಿಯುತ್ತದೆ. ಮೀನು ಸತ್ತು ತೇಲಿದವು. ಊರಿನವರು ಧಣಿಯ ಹತ್ತಿರ ಹೋದರು. ಧಣಿಯವರು ಚಹಾ ಕುಡಿಸಿದರು, ಅವರ ಔದಾರ್ಯದಲ್ಲಿ ಕೊರತೆಯಿರಲಿಲ್ಲ. ಆಮೇಲೆ ಸಾಕ್ಷಿ ಕೇಳಿದರು.

ಈ ವೀರೇಶ ಧಣಿಯವರೇ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಆದ್ದರಿಂದ ಸಾಕ್ಷಿಯ ವ್ಯವಸ್ಥೆಯನ್ನೂ ಅವರೇ ಮಾಡಿದರು. ಈ ಸಲದ ಸಂಕಿರಣದ ವಿಷಯ 'ನಮ್ಮ ಹಳ್ಳದ ನೀರು' ಎಂದಾಗಲಿ, ಆ ಊರಿನ ಹುಡುಗಿಯೇ ಮಂಡಿಸಲಿ, ತೀರ್ಪುಗಾರರಾಗಿ ಜಿಲ್ಲೆಯಿಂದ ಪರಿಸರ ಅಧಿಕಾರಿಯೊಬ್ಬರು ಬರಲಿ. ಹುಡುಗಿ ಸಾಧಿಸಿ ತೋರಿಸಿದರೆ ಕೊಳೆ ನೀರು ಶುದ್ಧಮಾಡುವ ತೊಟ್ಟಿ ಕಟ್ಟಿಸುವುದಾಗಿ ಅವರು ಊರಿನ ಹಿರಿಯರ ಮುಂದೆ ಮಾತು ಕೊಟ್ಟರು. ಸಾಧಿಸದಿದ್ದರೆ?

"ಸಾಧಸಲಿಲ್ಲಂದ್ರ, ಹಳ್ಳದ ನೀರು ಚಲೋ ಐತಿ ಅಂತ ಕಾಲೇಜಿನವ್ರೇ ಹೇಳ್ಯಾರ ಅಂತ ಗಿರಣಿ ಗೇಟಿಗೆ ಬೋರ್ಡ್ ಬರಸ್ತೀನಿ," ಎಂದರು ಧಣಿಯವರು. "ಆಮ್ಯಾಲೆ ಮೂಗು ಮುಚಗೊಂಡು ಬಂದವ್ರಿಗೆ ಚಹಾ ಇಲ್ಲ."

ನಾಗವೇಣಿ ತನ್ನ ಮಂಡನೆಯನ್ನು ಸಿದ್ಧಮಾಡಿಕೊಂಡು ಮೇಡಮ್ಮರ ಹತ್ತಿರ ಬಂದಳು. ಅದು ವಿಜ್ಞಾನಕ್ಕಿಂತ ಶಾಪಕ್ಕೆ ಹತ್ತಿರವಾಗಿತ್ತು. ಗಿರಣಿಯಿಂದ ಮೀನು ಸತ್ತವು, ಗಿರಣಿಯಿಂದ ಮಕ್ಕಳಿಗೆ ತುರಿಕೆ, ಗಿರಣಿಯಿಂದಲೇ ತನ್ನ ಅಜ್ಜಿ ಗದ್ದೆಮ್ಮನ ಹಿಂಡುವ ಎಮ್ಮೆ ಸತ್ತಿತು. ಸಾಕ್ಷಿಗೆ ಒಂದು ತಂಪುಪಾನೀಯದ ಬಾಟಲಿಯಲ್ಲಿ ಕೊಳೆತು ಕಪ್ಪಾದ ಹಳ್ಳದ ನೀರು. ಅದನ್ನು ಮೇಜಿನ ಮೇಲಿಟ್ಟು, ಯುದ್ಧ ಗೆದ್ದವಳಂತೆ ನಿಂತಳು.

ಮೇಡಂ ಬಾಟಲಿಯನ್ನು ನೋಡಿದಳು. ತಂದೆಯ ಮಾತು ಎಲ್ಲಿ ಅಡಗಿತ್ತೋ, ಅಷ್ಟು ವರ್ಷದ ಜಾಗೃತಿಯ ಕೆಸರಿನಡಿಯಿಂದ ಎದ್ದು ಬಂದಿತು. ಬೋರ್ಡು ಗೇಟಿಗೆ ಬಿದ್ದರೆ ಅದರ ಮೇಲಿರುವುದು ತನ್ನ ಕಾಲೇಜಿನ ಹೆಸರು. ಆಕೆ ಕುರ್ಚಿ ಎಳೆದುಕೊಂಡು ಕೇಳತೊಡಗಿದಳು.

ಈ ನೀರನ್ನು ಯಾವಾಗ ತುಂಬಿದ್ದು? ನಿನ್ನೆ ಮುಂಜಾನೆ. ಬಾಟಲಿ ತುಂಬ ತುಂಬಿದ್ದೆಯಾ? ಮುಕ್ಕಾಲು. ಅಂದರೆ ನೀರು ಬಸ್ಸಿನಲ್ಲಿ ಕುಲುಕುತ್ತ ಬಂದಿತು. ಕುಲುಕಿದಾಗ ಮೇಲಿನ ಗಾಳಿ ಕರಗಿತು. ರಾತ್ರಿಯಿಡೀ ನೀರಿನೊಳಗಿನ ಸೂಕ್ಷ್ಮಜೀವಿಗಳು ಆ ಗಾಳಿಯನ್ನು ತಿಂದವು. ಈಗ ಇದರಲ್ಲಿ ಎಷ್ಟು ಆಮ್ಲಜನಕವಿದೆಯೋ, ಹಳ್ಳದಲ್ಲಿ ಎಷ್ಟಿತ್ತೋ, ಒಂದಕ್ಕೊಂದು ಸಂಬಂಧವೇ ಇಲ್ಲ. ಗಿರಣಿಗಿಂತ ಮೇಲೆ ಹರಿಯುವ ನೀರನ್ನು ತುಂಬಿದೆಯಾ? ಇಲ್ಲ. ಹಾಗಾದರೆ ನೀರು ಗಿರಣಿಗೆ ಬರುವ ಮೊದಲೇ ಕೆಟ್ಟಿರಲಿಲ್ಲವೆಂದು ಹೇಗೆ ಗೊತ್ತು? ಗದ್ದೆಗೆ ಹೊಡೆದ ಔಷಧಿಯಿಂದ ಮೀನು ಸತ್ತಿದ್ದರೆ? ಊರಿನ ಚರಂಡಿಯೂ ಅದೇ ಹಳ್ಳಕ್ಕೆ ಬೀಳುತ್ತದೆಯಲ್ಲವೇ? ಎಮ್ಮೆ ಸತ್ತಾಗ ಪಶುವೈದ್ಯರು ನೋಡಿದ್ದರೇ? ಮತ್ತೆ, ನಿನ್ನ ಮಾತು ನಂಬಿ ನಾಳೆ ಗಿರಣಿಯನ್ನೇ ಮುಚ್ಚಿಸಿದರೆ ಮೊದಲು ಯಾರ ಕೂಲಿ ಹೋಗುತ್ತದೆ?

ಕೊನೆಯ ಪ್ರಶ್ನೆಗೆ ಹುಡುಗಿಯ ಕಣ್ಣಲ್ಲಿ ನೀರು ಬಂದಿತು. ಆಕೆಯ ತಂದೆ ಮಾನಪ್ಪ ಅದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು.

"ನೀವೂ ಅವ್ರ ಕಡೇನೇ ಏನ್ರಿ ಮೇಡಂ?" ಎಂದಳು.

"ನಾ ಇವತ್ತ ಕೇಳಿದ್ರ ನಿನಗ ಹಳ್ಳಕ್ಕ ಹೋಗಾಕ ಟೈಮ್ ಐತಿ," ಎಂದಳು ಮೇಡಂ. "ಅವ್ರು ಅವತ್ತ ಕೇಳಿದ್ರ ಮನಿಗೆ ಹೋಗಾಕಷ್ಟ ಟೈಮ್."

ಹೀಗೆ ಹಳ್ಳದ ಯಾತ್ರೆ ಪ್ರಾರಂಭವಾಯಿತು. ಪ್ರಯೋಗಾಲಯದ ಗಾಜಿನ ಮುಚ್ಚಳದ ಬಾಟಲಿಗಳು, ಎರಡು ಸೀಸೆ ರಾಸಾಯನಿಕ, ಒಂದು ಬುಟ್ಟಿ. ಬಾಟಲಿಯನ್ನು ನೀರಿನೊಳಗೇ ಅದ್ದಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ದಂಡೆಯ ಮೇಲೇ ಒಂದು ಸೀಸೆಯಿಂದ ಮ್ಯಾಂಗನೀಸಿನ ದ್ರಾವಣವನ್ನೂ ಇನ್ನೊಂದರಿಂದ ಕ್ಷಾರದ ದ್ರಾವಣವನ್ನೂ ತಳಕ್ಕೆ ಬಿಟ್ಟು, ಮುಚ್ಚಿ, ತಲೆಕೆಳಗು ಮಾಡಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಬಾಟಲಿಯಲ್ಲಿ ಕಂದು ಬಣ್ಣದ ಗಷ್ಟು ತಳಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ. ಎಷ್ಟಿದೆಯೆಂಬ ಲೆಕ್ಕವನ್ನು ಆಮೇಲೆ ಪ್ರಯೋಗಾಲಯದಲ್ಲಿ ತೆಗೆಯಬಹುದು. ಇದೆಯೋ ಇಲ್ಲವೋ ಎಂಬುದನ್ನು ದಂಡೆಯ ಮೇಲೆ ನಿಂತ ಯಾರ ಕಣ್ಣಾದರೂ ಹೇಳುತ್ತದೆ. ಸೃಷ್ಟಿಕರ್ತನು ತನ್ನ ಸತ್ಯಗಳನ್ನು ಎಷ್ಟೋ ಸಲ ಹೀಗೆ ಬಣ್ಣ ಹಚ್ಚಿಯೇ ಇಟ್ಟಿರುತ್ತಾನೆ. ಬಗ್ಗಿ ನೋಡುವ ಸೊಂಟ ನಮಗಿರಬೇಕು ಅಷ್ಟೆ.

ಗದ್ದೆಮ್ಮ ದಂಡೆಯ ಮೇಲೆ ಕುಂತು ಎಲೆಯಡಿಕೆ ಮೆಲ್ಲುತ್ತ ಇದನ್ನೆಲ್ಲ ನೋಡಿದಳು. ಹಾಲು ಮಾರಿ ಸಂಸಾರ ನಡೆಸಿದ ಮುದುಕಿ. ಎಮ್ಮೆ ಹೋದ ಮೇಲೆ ಆಕೆಯ ನಾಲಿಗೆಯೊಂದೇ ಹಟ್ಟಿಯಲ್ಲಿ ಉಳಿದ ಜೀವಂತ ಪ್ರಾಣಿ. "ನೀರಿಗೆ ಔಷಧಿ ಹಾಕಾಕತ್ತಾರ ನೋಡವ್ವ," ಎಂದಳು. "ನನ್ನ ಎಮ್ಮಿಗೆ ಹಾಕಿದ್ರ ಅದಾದ್ರೂ ಬದುಕ್ತಿತ್ತು."

ಕಾಲುವೆ ಬಂದ್ ಆಗಿದ್ದ ದಿನಗಳು ಅವು. ಗಿರಣಿಯ ಮೇಲಿನ ನೀರು ಕಂದಾಯಿತು. ಕೊಳವೆಯ ಕೆಳಗೆ, ಊರಿನ ಚರಂಡಿ ಬಂದು ಸೇರುವುದಕ್ಕೂ ಮುಂಚೆ ತುಂಬಿದ ನೀರು ಹಾಲಿನಂತೆ ಬಿಳಿಯಾಯಿತು. ಚರಂಡಿಯ ಮೇಲೂ ತಪ್ಪು ಹೊರಿಸುವಂತಿಲ್ಲ, ಮೇಲಿನ ಗದ್ದೆಗಳ ಮೇಲೂ ಹೊರಿಸುವಂತಿಲ್ಲ. ನಾಗವೇಣಿ ಕುಣಿದಳು. ಕಾಲುವೆಗೆ ನೀರು ಬಿಟ್ಟ ಮೇಲೆ ಮತ್ತೆ ತುಂಬಿಸಿದಾಗ ಮೇಲೂ ಕಂದು, ಕೆಳಗೂ ಕಂದು. ಹುಡುಗಿಯ ಮುಖ ಕಪ್ಪಿಟ್ಟಿತು. ಗದ್ದೆಗಳಿಂದ ಬಸಿದ ನೀರು ಹಳ್ಳ ತುಂಬಿ ಹರಿಯುವಾಗ ಗಿರಣಿಯ ಕೊಳೆ ತೆಳುವಾಗಿ ಹೋಗುತ್ತಿತ್ತು. ಧಣಿಯವರು ಖಾಸಗಿ ಪ್ರಯೋಗಾಲಯದಿಂದ ತರಿಸಿದ್ದ 'ನೀರು ಉತ್ತಮ' ಎಂಬ ವರದಿಯೂ ಅಂಥದೇ ತುಂಬು ಹಳ್ಳದ ದಿನದ್ದು. ಅದರಲ್ಲಿ ಸುಳ್ಳಿರಲಿಲ್ಲ. ನೀರು ಅಳೆಯಲು ಯಾವ ದಿನ ಬರಬೇಕೆಂಬುದನ್ನು ಮಾತ್ರ ಗಿರಣಿಯವರೇ ತಿಳಿಸಿದ್ದರು.

ಹಾಗಾದರೆ ಬಂದ್ ಆದ ದಿನ ನೀರು ಕೆಡುವುದು ಗಿರಣಿಯಿಂದಲೋ, ಹರಿವು ನಿಂತದ್ದರಿಂದಲೋ? ನಿಂತ ನೀರು ತಾನಾಗಿಯೇ ಕೆಡುವುದೂ ಉಂಟು. ಈ ಪ್ರಶ್ನೆ ಮೇಡಮ್ಮರನ್ನೇ ಬಸ್ಸಿನಲ್ಲಿ ಮಸ್ಕಿಯವರೆಗೂ ಕಾಡಿತು. ಉತ್ತರ ಕೊಟ್ಟದ್ದು ಬಾಯ್ಲರ್. ಅದು ಕೆಟ್ಟು ನಿಂತು, ದುರಸ್ತಿಗೆ ವಾರ ಹಿಡಿಯುತ್ತದೆಂದು ಮಾನಪ್ಪ ಮನೆಯಲ್ಲಿ ಗೊಣಗಿದ್ದೇ ತಡ, ನಾಗವೇಣಿ ಬುಟ್ಟಿ ಎತ್ತಿದಳು. ಕಾಲುವೆಯೂ ಮತ್ತೆ ಬಂದ್ ಆಗಿತ್ತು. ಹಳ್ಳ ಅಷ್ಟೇ ನಿಂತಿತ್ತು, ಬಿಸಿಲು ಅಷ್ಟೇ ಇತ್ತು, ಗಿರಣಿಯೊಂದು ಇರಲಿಲ್ಲ. ದಿನ ಕಳೆದಂತೆ ಕೊಳವೆಯ ಕೆಳಗಿನ ಬಾಟಲಿ ಬಿಳಿಯಿಂದ ಹಾಲು ಹೆಚ್ಚಾದ ಚಹಾಕ್ಕೆ, ಅಲ್ಲಿಂದ ಒಳ್ಳೆಯ ಕಂದಿಗೆ ಬಂದಿತು. ಬಾಯ್ಲರ್ ಮತ್ತೆ ಹೊತ್ತಿತು. ಬಾಟಲಿ ಮತ್ತೆ ಬಿಳಿಯಾಯಿತು.

ಈ ಓಡಾಟದ ನಡುವೆ ಮೇಡಂ ಎರಡು ಬಗೆಯ ಪ್ರಶ್ನೆಗಳನ್ನು ಬರೆದಿಟ್ಟಿದ್ದಳು. ಒಂದು ಹಾಳೆ ಸಭೆಗೆ: ಜಾಗೃತಿ, ಯುವಕರು, ಪಾತ್ರ. ಇನ್ನೊಂದು ಹಾಳೆ ನಾಗವೇಣಿಯನ್ನು ದಿನವೂ ಅರೆಯಲು: ಸಾಕ್ಷಿ, ಕಾರಣ, ಖರ್ಚು. ಸಭೆಗೆ ಮುನ್ನ ಪ್ರಾಂಶುಪಾಲ ಬಸ್ಸಪ್ಪನವರು ಚೀಟಿ ಮಾಡಿಸಲು ಬಂದಾಗ ಎರಡೂ ಮೇಜಿನ ಮೇಲಿದ್ದವು. ಅವರು ಎರಡನೆಯದನ್ನು ಎತ್ತಿಕೊಂಡರು. ಪ್ರತಿ ಪ್ರಶ್ನೆಯ ಮೊದಲ ವಾಕ್ಯವನ್ನಷ್ಟೇ ಓದುವುದು ಅವರ ಅಭ್ಯಾಸ; ಸುತ್ತೋಲೆಗಳನ್ನು ಓದಿ ಓದಿ ಬಂದ ಜಾಣತನ. ಓದುತ್ತ ಓದುತ್ತ ಅವರ ಮುಖವು ಹಬ್ಬದ ದೀಪದಂತೆ ಬೆಳಗಿತು.

"ಮೇಡಂ, ಇವು ಪ್ರಶ್ನೆ ಅಲ್ರೀ, ಬಡಿಗಿ," ಎಂದರು. "ಹುಡುಗಿ ವೇದಿಕಿ ಮ್ಯಾಲೇ ಕುಸೀತಾಳ. ಧಣಿಯವ್ರು ನಿಮ್ಮನ್ನ ಮರಿಯಂಗಿಲ್ಲ ನೋಡ್ರಿ."

ಕಠಿಣ ಪ್ರಶ್ನೆಯೆಂದರೆ ವೈರಿಯ ಆಯುಧವೆಂದು ಆ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ಪ್ರೀತಿಸುವವರೂ ಕಠಿಣ ಪ್ರಶ್ನೆ ಕೇಳಬಹುದು, ಆ ಪ್ರಶ್ನೆಯು ಬಡಿದಂತೆಲ್ಲ ಮಡಕೆ ಗಟ್ಟಿಯಾಗಬಹುದು ಎಂಬುದು ಅವರ ಅನುಭವಕ್ಕೆ ಬಂದೇ ಇರಲಿಲ್ಲ. ಬರುವುದಕ್ಕೆ ಅಲ್ಲಿ ಯಾರೂ ಯಾರಿಗೂ ನಿಜವಾದ ಪ್ರಶ್ನೆ ಕೇಳಿದವರಲ್ಲ. ಈ ಪ್ರಶ್ನೆಗಳನ್ನು ಹುಡುಗಿಗೆ ಮೊದಲೇ ಕೇಳಿದ್ದೀರಾ ಎಂದು ಬಸ್ಸಪ್ಪನವರು ವಿಚಾರಿಸಲಿಲ್ಲ. ಮೇಡಂ ಸುಳ್ಳು ಹೇಳುವವಳಲ್ಲ. ವಿಚಾರಿಸಿದ್ದರೆ ಖಂಡಿತವಾಗಿ ಹೇಳುತ್ತಿದ್ದಳು. ವಿಚಾರಿಸದವರಿಗೆ ಹೇಳುವುದು ಅತಿಥಿ ಉಪನ್ಯಾಸಕಿಯ ಕೆಲಸದ ಪಟ್ಟಿಯಲ್ಲಿರಲಿಲ್ಲ.

ಆದರೂ ಆಕೆಗೆ ಒಂದು ಅಳುಕು ಇದ್ದೇ ಇತ್ತು. ಇಬ್ಬರೇ ಇರುವ ಪ್ರಯೋಗಾಲಯ ಬೇರೆ, ತಂದೆಗೆ ಕೂಲಿ ಕೊಡುವ ಧಣಿ ಎದುರಿಗೆ ಕುಳಿತ ಸಭೆ ಬೇರೆ. ಕೂಲಿಯ ಪ್ರಶ್ನೆಗೆ ಹುಡುಗಿ ಇನ್ನೂ ಒಮ್ಮೆಯೂ ಬಾಯಿ ಬಿಟ್ಟು ಉತ್ತರ ಕೊಟ್ಟಿರಲಿಲ್ಲ.

ಸಭೆಯ ದಿನ ವೇದಿಕೆಯ ಮೇಲೆ ಮುಖ್ಯ ಅತಿಥಿಯಾಗಿ ಧಣಿಯವರು, ಪಕ್ಕದಲ್ಲಿ ಜಿಲ್ಲೆಯ ಅಧಿಕಾರಿ. ಎಲ್ಲರ ಮುಂದೆಯೂ ಸೀಲು ಮಾಡಿದ ಬಾಟಲಿ ನೀರು; ನಮ್ಮ ಹಳ್ಳದ ನೀರಿನ ಕುರಿತು ಮಾತಾಡಲು ಬಂದವರು ದೂರದ ಊರಿನ ನೀರು ಕುಡಿಯುತ್ತಿದ್ದರು. ಊರಿನಿಂದ ಬಂದವರ ನಡುವೆ ಗದ್ದೆಮ್ಮ ಸೆರಗು ಬಿಗಿದು ಕುಳಿತಿದ್ದಳು. ಎಮ್ಮೆಯ ನ್ಯಾಯವನ್ನು ಇಂದು ಮೊಮ್ಮಗಳು ಕೊಡಿಸುತ್ತಾಳೆಂಬುದು ಆಕೆಯ ನಂಬಿಕೆ.

ನಾಗವೇಣಿ ಮಂಡಿಸಿದಳು. ಶಾಪಗಳೆಲ್ಲ ಹೋಗಿ, ಬಾಟಲಿಗಳ ಚಿತ್ರಗಳು ಉಳಿದಿದ್ದವು. ಆಮೇಲೆ ಪ್ರಶ್ನೆಗಳು. ಮೊದಲ ಚೀಟಿ ಸಮೀಉಲ್ಲಾ ಎಂಬ ಹುಡುಗನದು. ಒಂದೇ ದಿನ ತುಂಬಿದ ಒಂದು ಬಾಟಲಿ ನೀರಿನಿಂದ ಇಡೀ ಹಳ್ಳದ ಮೇಲೆ ತೀರ್ಪು ಹೇಳಬಹುದೇ ಎಂದು ಅವನು ಗಟ್ಟಿಯಾಗಿ ಓದಿದನು. ಬಸ್ಸಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಹೇಳಬಾರದು ಎಂದಳು ನಾಗವೇಣಿ. ಅದಕ್ಕೇ ತಾನು ಮೇಲೆ, ಕೆಳಗೆ, ಕಾಲುವೆ ತೆರೆದಾಗ, ಮುಚ್ಚಿದಾಗ, ಗಿರಣಿ ನಡೆದಾಗ, ನಿಂತಾಗ ಬೇರೆ ಬೇರೆಯಾಗಿ ತುಂಬಿದ್ದಾಗಿ ತೋರಿಸಿದಳು. ಗದ್ದೆಯ ಔಷಧಿಯ ಪ್ರಶ್ನೆ ಬಂದಿತು. ಅದೇ ಔಷಧಿ ಗಿರಣಿಯ ಮೇಲಿನ ನೀರಿನಲ್ಲೂ ಇದ್ದಿರಬೇಕು, ಆದರೂ ಅಲ್ಲಿ ಆಮ್ಲಜನಕವಿತ್ತು ಎಂದಳು. ಔಷಧಿ ನಿರಪರಾಧಿ ಎಂದು ತಾನು ಹೇಳುತ್ತಿಲ್ಲ, ಅದನ್ನು ಅಳೆಯುವ ಸಲಕರಣೆ ಕಾಲೇಜಿನಲ್ಲಿಲ್ಲ ಎಂದೂ ಸೇರಿಸಿದಳು. ನಿಂತ ನೀರಿನ ಪ್ರಶ್ನೆ ಬಂದಿತು. ಬಾಯ್ಲರ್ ಕೆಟ್ಟ ವಾರದ ಬಾಟಲಿಗಳು ಉತ್ತರ ಕೊಟ್ಟವು. ಬಸ್ಸಪ್ಪನವರು ಒರಗಿದ್ದವರು ನೆಟ್ಟಗಾದರು. ಪ್ರತಿ ಬಡಿಗೆಯೂ ಹುಡುಗಿಯ ಕೈಗೆ ಹೋಗಿ ಊರುಗೋಲಾಗುತ್ತಿತ್ತು.

ಆಮೇಲೆ ಎಮ್ಮೆಯ ಚೀಟಿ. ಎಮ್ಮೆ ಸತ್ತದ್ದು ಗಿರಣಿಯ ನೀರಿನಿಂದಲೇ ಎಂಬುದಕ್ಕೆ ಸಾಕ್ಷಿ ಏನು?

ನಾಗವೇಣಿ ಅಜ್ಜಿಯನ್ನು ನೋಡಿದಳು. ಸಭೆಯೂ ತಿರುಗಿ ನೋಡಿತು.

"ಇಲ್ಲರೀ," ಎಂದಳು. "ಯಾವ ಡಾಕ್ಟ್ರೂ ನೋಡಿಲ್ಲ. ಯಾಕ ಸತ್ತತೋ ನನಗ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತು ಆ ವೇದಿಕೆಯಿಂದ ಹೊರಟದ್ದು ಅದೇ ಮೊದಲು. ಧ್ವನಿವರ್ಧಕವೂ ಒಮ್ಮೆ ಕರಕರ ಎಂದಿತು. ಗದ್ದೆಮ್ಮನ ಮುಖ ಕೆಂಪಗಾಗಿ, ಆಕೆ ಸೆರಗು ಕೊಡವಿ ಮುಖ ತಿರುಗಿಸಿಕೊಂಡಳು. ಆದರೆ ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದ ಅಧಿಕಾರಿ ಅದನ್ನು ಕೆಳಗಿಟ್ಟು, ಪೆನ್ನು ತೆಗೆದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವಳು ಗೊತ್ತಿದೆ ಎಂದದ್ದನ್ನು ನಂಬಬಹುದೆಂದು ಆ ಮನುಷ್ಯನಿಗೆ ಅನ್ನಿಸಿರಬೇಕು. ಸತ್ಯಕ್ಕೆ ಕೆಲವೊಮ್ಮೆ ಹೀಗೆ ಒಂದು ಸೋಲನ್ನು ಕಾಣಿಕೆಯಾಗಿ ಕೊಟ್ಟೇ ಗುಡಿಯ ಬಾಗಿಲು ತೆರೆಸಬೇಕಾಗುತ್ತದೆ.

ಉಳಿದದ್ದು ಮುಖ್ಯ ಅತಿಥಿಯ ಚೀಟಿ. ಎಲ್ಲಕ್ಕಿಂತ ದಪ್ಪ ಬಡಿಗೆಯೆಂದು ಬಸ್ಸಪ್ಪನವರು ಮೊದಲ ವಾಕ್ಯ ಓದಿ ಧಣಿಯವರಿಗೇ ಮೀಸಲಿಟ್ಟಿದ್ದರು. ವೇದಿಕೆಯ ಮೇಲೆ ತಮಗೆ ಕೊಟ್ಟದ್ದೆಲ್ಲ ಸನ್ಮಾನಪತ್ರವೇ ಎಂದು ನಂಬಿದ್ದ ಧಣಿಯವರು ಎಂದಿನಂತೆ ಮೊದಲೇ ಬಿಚ್ಚಿ ನೋಡಿರಲಿಲ್ಲ. ಎದ್ದರು, ಕೆಮ್ಮಿದರು, ಓದಿದರು.

"ನಿನ್ನ ಮಾತಿನಿಂದ ಗಿರಣಿ ನಿಂತರೆ ಮೊದಲು ಕೂಲಿ ಕಳೆದುಕೊಳ್ಳುವವರು ಯಾರು?" ಇಲ್ಲಿ ಅವರ ಮುಖದಲ್ಲಿ ನಗು ಮೂಡಿತು. ಅದೇ ನಗುವಿನ ಓಟದಲ್ಲಿ ಮುಂದೆ ಹೋದರು. "ಕೊಳೆ ನೀರನ್ನು ಶುದ್ಧಮಾಡದೆ ಹಳ್ಳಕ್ಕೆ ಬಿಟ್ಟಾಗ ಉಳಿಯುವ ಖರ್ಚು ಯಾರಿಗೆ ಉಳಿಯುತ್ತದೆ, ಅದೇ ಖರ್ಚು ಯಾರ ಮನೆಗೆ ಹೋಗಿ..."

ಧ್ವನಿ ಅಲ್ಲಿಗೆ ಸಣ್ಣದಾಯಿತು. ಕಣ್ಣು ಉಳಿದ ಮಾತನ್ನು ಓದಿತು, ಬಾಯಿ ಓದಲಿಲ್ಲ. ಆದರೆ ಅಧಿಕಾರಿಗಳು ಪಕ್ಕದಿಂದ ಬಗ್ಗಿ, "ಸೇರುತ್ತದೆ," ಎಂದು ವಾಕ್ಯವನ್ನು ಪೂರ್ತಿಮಾಡಿಕೊಟ್ಟರು.

ಮೇಡಂ ಹಿಂದಿನ ಸಾಲಿನಲ್ಲಿ ಎರಡೂ ಕೈ ಹಿಡಿದುಕೊಂಡು ಕುಳಿತಳು. ನಾಗವೇಣಿ ಪುಸ್ತಕದ ಭಾಷೆಯನ್ನು ಬಿಟ್ಟು ಮನೆಯ ಭಾಷೆಗೆ ಬಂದಳು.

"ಮೊದ್ಲು ನಮ್ಮಪ್ಪನ ಕೂಲಿ ಹೋಗ್ತದರೀ. ಆತ ನಿಮ್ಮ ಬಾಯ್ಲರ್ ಕಾಯ್ತಾನ. ಅದಕ್ಕ ಗಿರಣಿ ಮುಚ್ಚರಿ ಅಂತ ನಾ ಎಲ್ಲೂ ಹೇಳಿಲ್ಲ. ನೀರನ್ನ ತೊಟ್ಟ್ಯಾಗ ನಿಲ್ಲಿಸಿ, ಗಾಳಿ ಹಾಯಿಸಿ, ಕೊಳಿ ಇಳಿಸಿ ಬಿಡ್ರಿ ಅನ್ನಾಕತ್ತೀನಿ. ತೊಟ್ಟಿ ಕಟ್ಟಲಿಲ್ಲಂದ್ರ ಅದರ ಖರ್ಚು ನಿಮಗ ಉಳೀತದ. ನಮ್ಮೂರಾಗ ಕುಡಿಯೋ ನೀರಿಗೆ ಕ್ಯಾನ್ ತರಸ್ತೀವಿ, ಅರಿವಿ ಒಗಿಯಾಕ ಕಾಲುವಿತನಕ ಹೊತಗೊಂಡು ಹೋಗ್ತೀವಿ, ದನಕ್ಕ ಬೋರಿನ ನೀರು ಬೇಡ್ಕೊಂಡು ತರ್ತೀವಿ. ತೊಟ್ಟಿ ಖರ್ಚು ಉಳದಿಲ್ಲರೀ ಧಣ್ಯಾರ. ನಾವು ಕೊಡಾಕತ್ತೀವಿ."

ಆಕೆ ಕೈ ಮುಗಿದು ಕುಳಿತಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಹುಡುಗರೆಲ್ಲ ಬಸ್ಸಪ್ಪನವರ ಮುಖ ನೋಡಿದರು. ಬಸ್ಸಪ್ಪನವರು ತಮ್ಮ ಬೂಟು ನೋಡಿಕೊಂಡರು. ಧಣಿಯವರು ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು, ಎಂಟು ಮಡಿಕೆ ಮಾಡಿದರು. ಇನ್ನೂ ಮಡಚಲು ಆಗದಿದ್ದಾಗ ಕಿಸೆಗೆ ಇಟ್ಟುಕೊಂಡು, ಈ ಕುರಿತು ಒಂದು ಸಮಿತಿ ರಚಿಸಲಾಗುವುದೆಂದು ಘೋಷಿಸಿದರು. ಅಧಿಕಾರಿಗಳು ಮಾತ್ರ ಕಾಲುವೆ ಇನ್ನೊಮ್ಮೆ ಯಾವಾಗ ಬಂದ್ ಆಗುತ್ತದೆಂದು ಕೇಳಿ, ಬರೆದುಕೊಂಡು ಹೋದರು.

ಹೊರಗೆ ಉಪ್ಪಿಟ್ಟಿನ ಸಾಲಿನಲ್ಲಿ ಗದ್ದೆಮ್ಮ ಮೇಡಮ್ಮರನ್ನು ಹಿಡಿದು ನಿಲ್ಲಿಸಿದಳು. "ನನ್ನ ಎಮ್ಮಿ ಸತ್ತದ್ದು ಸುಳ್ಳೇನವ್ವ?" ಎಂದಳು. ಸತ್ತದ್ದು ಖರೆ, ಯಾಕೆ ಸತ್ತಿತೆಂಬುದು ಗೊತ್ತಿಲ್ಲ, ಮತ್ತೊಂದು ಎಮ್ಮೆಗೆ ಹಾಗಾಗಬಾರದೆಂದರೆ ಡಾಕ್ಟರನ್ನು ಕರೆಸಬೇಕು ಎಂದು ಮೇಡಂ ಹೇಳಿದಳು. ಮುದುಕಿ, "ನಿಮ್ಮ ವಿದ್ಯಾ ಎಮ್ಮಿಗಿಂತ ಕಮ್ಮಿ ಹಾಲು ಕೊಡ್ತದ ಬಿಡು," ಎಂದು ಉಪ್ಪಿಟ್ಟು ಹಾಕಿಸಿಕೊಳ್ಳಲು ಮುಂದೆ ಸರಿದಳು.

ಸಮಿತಿಯನ್ನು ಯಾರೂ ಕಾಣಲಿಲ್ಲ. ಆದರೆ ಕಾಲುವೆ ಬಂದ್ ಆಗಿದ್ದ ಒಂದು ದಿನ ಅಧಿಕಾರಿಗಳ ಜೀಪು ಹೇಳದೆ ಕೇಳದೆ ಹಳ್ಳದ ದಂಡೆಗೆ ಬಂದು, ಮೇಲೂ ಕೆಳಗೂ ನೀರು ತುಂಬಿಕೊಂಡು ಹೋಯಿತು. ಅದರ ಹಿಂದೆ ನೋಟಿಸು ಬಂದಿತು. ನೋಟಿಸಿನ ಹಿಂದೆ, ಬಹಳ ಸಂಕಟಪಡುತ್ತ, ತೊಟ್ಟಿ ಬಂದಿತು. ಗೇಟಿಗೆ ಬೋರ್ಡೂ ಬಂದಿತು. ಪರಿಸರವನ್ನು ಉಳಿಸಲು ಧಣಿಯವರು ಸ್ವಂತ ಹಣದಿಂದ ತೊಟ್ಟಿ ಕಟ್ಟಿಸಿದರೆಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮಾನಪ್ಪನನ್ನು ಮಗಳ ನಾಲಿಗೆಯ ಶಿಕ್ಷೆಯಾಗಿ ಬಾಯ್ಲರ್‌ನಿಂದ ತೆಗೆದು, ವಾಸನೆ ಹೊಡೆಯುವ ಆ ತೊಟ್ಟಿಯ ಕೆಲಸಕ್ಕೇ ಹಾಕಿದರು. ಅವನು ಕೊಳೆ ನೀರನ್ನು ಕದ್ದು ಹಳ್ಳಕ್ಕೆ ಹರಿಸಲು ಬಿಡದೆ ಕಾಯುವಷ್ಟು ಶ್ರದ್ಧೆಯಿಂದ ಅಲ್ಲಿ ಬೇರೆ ಯಾರೂ ಕಾಯುತ್ತಿರಲಿಲ್ಲವೆಂಬುದು ಧಣಿಯವರಿಗೆ ಹೊಳೆಯಲಿಲ್ಲ.

ಮೇಡಮ್ಮರ ನೇಮಕಾತಿ ಆ ವರ್ಷ ತಡವಾಗಿ ಬಂದಿತು. ಬಾರದೆ ಇರಲಿಲ್ಲ, ಏಕೆಂದರೆ ಅಷ್ಟು ಕಡಿಮೆ ಗೌರವಧನಕ್ಕೆ ಅಷ್ಟು ದೂರದಿಂದ ಬರುವವರು ಬೇರೆ ಸಿಕ್ಕಲಿಲ್ಲ. ಮುಂದಿನ ಸಂಕಿರಣದ ಆಮಂತ್ರಣದಲ್ಲಿ ಪ್ರಾರ್ಥನೆ ಇತ್ತು, ಸ್ವಾಗತ ಇತ್ತು, ಸನ್ಮಾನ ಎರಡು ಕಡೆ ಇತ್ತು. ಪ್ರಶ್ನೋತ್ತರ ಎಂಬ ಸಾಲು ಇರಲಿಲ್ಲ. ಸಮಯದ ಅಭಾವವೆಂದು ಬಸ್ಸಪ್ಪನವರು ಹೇಳಿದರು. ಆ ಆಮಂತ್ರಣ ಕೈಯಲ್ಲಿರುವಾಗಲೇ, ಪದವಿ ಮುಗಿಸಿದ್ದ ನಾಗವೇಣಿ ಹಳ್ಳದಿಂದ ನೇರವಾಗಿ ಬಂದು, ತೊಟ್ಟಿ ಆದ ಮೇಲೆ, ಕಾಲುವೆ ಮುಚ್ಚಿದ ದಿನ, ಗಿರಣಿ ನಡೆಯುತ್ತಿರುವಾಗ ಕೊಳವೆಯ ಕೆಳಗೆ ತುಂಬಿದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಈ ಸಲ ಗುಳ್ಳೆಯಿರಲಿಲ್ಲ. ಗಷ್ಟು ಬಿಳಿಯಾಗಿರಲಿಲ್ಲ, ತೆಳು ಚಹಾದ ಬಣ್ಣ.

ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣು ತುಂಬಿ ಬಂದಿತು, ಆದರೆ ಬಾಯಿಗೆ ಬಂದದ್ದು ಮತ್ತೆ ಅದೇ.

"ಮೊನ್ನೆ ಮಳಿ ಆಗಿತ್ತಲ್ಲ," ಎಂದಳು. "ಈ ಬಣ್ಣ ತೊಟ್ಟಿಯಿಂದ ಬಂದದ್ದೋ, ಮಳಿಯಿಂದ ಬಂದದ್ದೋ?"

ನಾಗವೇಣಿ ನಕ್ಕು, ಬುಟ್ಟಿಯಿಂದ ಗಿರಣಿಗಿಂತ ಮೇಲೆ ತುಂಬಿದ ಬಾಟಲಿಯನ್ನೂ ತೆಗೆದು ಪಕ್ಕದಲ್ಲಿಟ್ಟಳು. "ಇನ್ನೂ ಗೊತ್ತಿಲ್ಲರೀ," ಎಂದಳು. "ಮಳಿ ಇಲ್ಲದಾಗ ಮತ್ತ ಹೋಗ್ತೀನಿ."